ಸುಟ್ಟ ಅಂಚಿನ ಹಾಳಿಗಳು

"ಹಂಪಕ್ಕಾ, ಕೈಯಾಗಿನ ಚಾ ಕೆಳಗಿಡ್ರಿ ಮೊದ್ಲು! ನಿಮ್ಮ ಕುರುಗೋಡು ಜಡೆಪ್ಪ ಮಾಸ್ತರ ಮೊಮ್ಮಗಳು ನಮ್ಮ ಸಾಲ್ಯಾಗೇ ಅದಾಳಂತ! ಆಕಿ ಚಿತ್ರದ ಕಟ್ಟು ಮಾಸ್ತರೇ ಈಗ ಬಾಗಿಲಾಗ ಕೊಟ್ಟುಹೋದ್ರು. ಏಳನೇ ನಂಬರು."

ಹೊಲಿಗಿ ಕಲಿಸೋ ಗಂಗಕ್ಕಗ ಗುಟ್ಟು ಬಾಯಾಗ ನಿಲ್ಲಂಗಿಲ್ಲ. ಸಿರುಗುಪ್ಪದ ಆ ಹೆಣ್ಣುಮಕ್ಕಳ ಸಾಲ್ಯಾಗ ಡ್ರಾಯಿಂಗ್ ಕಲಿಸೋ ಹಂಪಕ್ಕ ಚಾ ಕೆಳಗಿಟ್ಟಳು. ಮುಖದಾಗ ಒಂದು ನಗಿ ಬಂತು. ಒಳ್ಳೆ ನಗಿ ಅಲ್ಲ.

ಹದಿನಾಲ್ಕು ವರ್ಷದ ಹಿಂದ, ಮೂವತ್ತೆಂಟನೇ ಇಸ್ವಿ. ಕುರುಗೋಡು ಸಾಲ್ಯಾಗ ಹನ್ನೆರಡು ವರ್ಷದ ಹಂಪಕ್ಕ ಒಂದು ಕೊಡ ಬರಿ ಅಂದ್ರ ಹಾಳಿ ತುಂಬ ಹನ್ನೊಂದು ಕೊಡ ಬರದಿದ್ದಳು. ಒಂದು ಇದ್ದಲಿಲೆ, ಒಂದು ಅರಿಷಿಣದಾಗ, ಒಂದು ಸೊಟ್ಟ, ಒಂದು ಬರೇ ನೆರಳು. ಡ್ರಾಯಿಂಗ್ ಕಲಿಸ್ತಿದ್ದ ಜಡೆಪ್ಪ ಮಾಸ್ತರು ಅದನ್ನ ಎತ್ತಿ ಹಿಡದು, "ಕೊಡ ಎಲ್ಲೈತಲೇ? ಕೋಳಿ ಕೆದರಿದ ತಿಪ್ಪಿ ಇದ್ದಂಗೈತಿ!" ಅಂದು, ಕ್ಲಾಸೆಲ್ಲ ನಗುವಾಗ ಪರಕ್ಕನ ಹರದು ಸೊನ್ನಿ ಹಾಕಿದ್ರು. ಆ ಎರಡು ತುಂಡು ಇವತ್ತಿಗೂ ಹಂಪಕ್ಕನ ಟ್ರಂಕಿನಾಗ ಸೀರಿ ಕೆಳಗ ಅದಾವು.

ಅದಕ್ಕೇ ಮಾರ್ಕು ಹೆಂಗ ಹಾಕ್ತೀನಿ ಅಂತ ಆಕಿ ಜೂನಿನಾಗೇ ಗ್ವಾಡಿಗೆ ಕಾಗದ ಹಚ್ಚಿದ್ದಳು: "ಹೆಂಗ ಮಾಡ್ತಾ ಬಂದಿ, ಮೂವತ್ತು. ಹೊಸದೇನು ಮಾಡಿ ನೋಡಿದಿ, ಮೂವತ್ತು. ನಿನ್ನ ಕೆಲಸದ ಬಗ್ಗೆ ನೀನೇ ಏನಂತಿ, ಇಪ್ಪತ್ತು. ಕೊನಿ ಚಿತ್ರ, ಇಪ್ಪತ್ತು." ಪ್ರತಿಯೊಂದರ ಕೆಳಗ ಯಾವುದಕ್ಕ ಪೂರಾ, ಯಾವುದಕ್ಕ ಅರ್ಧ ಅಂತ ಬಿಡಿಸಿ ಬರದಿದ್ದಳು. ಕೆಟ್ಟ ಹಾಳಿ ಬಿಸಾಕಂಗಿಲ್ಲ, ತಾರೀಕು ಹಾಕಿ ಇಡಬೇಕು. ಕಟ್ಟಿನ ಮ್ಯಾಲೆ ಹೆಸರಿಲ್ಲ, ನಂಬರು ಅಷ್ಟೇ; ಹುಡುಗಿನ್ನ ಕರದು ಕೇಳೋದು ಕಟ್ಟು ನೋಡಿದ ಮ್ಯಾಲೇ. ಇಬ್ಬರು ಟೀಚರು ಬ್ಯಾರೆ ಬ್ಯಾರೆ ಕುಂತು ಮಾರ್ಕು ಹಾಕಬೇಕು. ಎಲ್ಲರಿಗಿಂತ ಹೆಚ್ಚು ಬಂದಾಕಿ ಬಳ್ಳಾರಿಗೆ ಚಿತ್ರ ಕಲಿಯಾಕ ಹೋಗ್ತಾಳ, ಊಟ ವಸತಿ ಪುಕ್ಕಟೆ.

ಏಳನೇ ಕಟ್ಟಿನಾಗ ಒಂದೇ ಒಂದು ಹಾಳಿ. ಕೆಂಚನಗುಡ್ಡ, ಕೆಳಗ ಹೊಳಿ. ಗೆರಿ ಒಂದೂ ನಡುಗಿಲ್ಲ, ಕಲೆ ಒಂದೂ ಇಲ್ಲ. ಆ ಕೈ ಯಾರದು ಅಂತ ಹಂಪಕ್ಕಗ ಕಣ್ಣು ಮುಚ್ಚಿದ್ರೂ ಗೊತ್ತಾಗ್ತಿತ್ತು.

"ಸೊನ್ನಿ, ಸೊನ್ನಿ, ಸೊನ್ನಿ," ಅಂತ ಹಾಲು ಕುಡಿದಂಗ ಬರದಳು. "ಕೊನಿದಕ್ಕೂ ಸೊನ್ನಿ. ಕೂಸು ಬರದಿದ್ದಲ್ಲ."

"ಕೂಸಿನ್ನ ಕೇಳಿದ್ರ್ಯಾ?" ಗಂಗಕ್ಕ ಕತ್ತರಿ ಕೆಳಗಿಟ್ಟಳು. "ಮಿಕ್ಕ ಮೂವತ್ತೆರಡು ಹುಡುಗ್ಯಾರನ್ನೂ ಕುಂದ್ರಿಸಿ ಕೇಳೀರಿ. ಈಕಿಗೊಂದು ಬ್ಯಾರೆ ಕಾಯಿದೇನ?"

"ಕರೀರಿ. ಆಕಿ ಬಾಯಿಲೇ ಬರ್ಲಿ."

ಮಾಸ್ತರ ಮೊಮ್ಮಗಳು ಗಿಡ್ಡಮ್ಮ ಬಂದು ಸೆರಗಿನ ತುದಿ ಹಿಂಡಿಕೋತ ನಿಂತಳು.

"ಇದು ನೀನು ಬರದಿದ್ದೇನ?"

"ಅಲ್ರಿ ಅಕ್ಕೋರೆ. ತಾತ ಬರದಿದ್ದು. ನನ್ನವೆಲ್ಲ ನೋಡಿ ಮಾನ ಹೋಗ್ತೈತಿ ಅಂತ ಒಲಿಗೆ ಹಾಕಿದ. ನಾ ಎಳಕೊಂಡೆ."

ಪಾಟಿ ಚೀಲದಾಗಿಂದ ಹಳೇ ಬಟ್ಟಿ ಗಂಟು ತಗದಳು. ಅಂಚು ಸುಟ್ಟ ಹದಿನೇಳು ಹಾಳಿ, ಪ್ರತಿಯೊಂದಕ್ಕೂ ತಾರೀಕು. ಹೊಳಿ ಕೆಸರಿನಾಗ ಬರದಿದ್ದು, ಇಟ್ಟಂಗಿ ಪುಡಿ ತಿಕ್ಕಿದ್ದು, ಭತ್ತದ ಹೊಟ್ಟು ಅಂಟಿಸಿದ್ದು. ಹಿಂದ ಸೊಟ್ಟ ಅಕ್ಷರ: "ಕೆಸರು ಒಣಗಿ ಸೀಳಿತು. ಜಾಲಿ ಗೋಂದು ಕಲಸಿದೆ. ನಿಂತಿತು, ಆದ್ರ ಕರ್ರಗಾತು." ಇನ್ನೊಂದರಾಗ: "ಗುಡ್ಡ ಮೊದ್ಲು ಬರದ್ರ ಹೊಳಿಗೆ ಜಾಗ ಉಳಿಯಂಗಿಲ್ಲ. ನಾಳೆ ಹೊಳಿ ಮೊದ್ಲು."

"ಗೋಂದು ಯಾಕ ಕಲಸಿದಿ?"

"ನಮ್ಮವ್ವ ಗ್ವಾಡಿ ಸಾರಿಸುವಾಗ ಸೆಗಣಿ ಕಲಸ್ತಾಳ್ರಿ, ಬಿರಕು ಬಿಡಬಾರ್ದು ಅಂತ. ಸೆಗಣಿ ಹಾಳಿಗೆ ನಾರ್ತೈತಿ, ಅದಕ್ಕ ಗೋಂದು."

ಗಂಗಕ್ಕ ಕಿಸಕ್ಕನ ನಕ್ಕಳು. ಹಂಪಕ್ಕ ನಗಲಿಲ್ಲ. ಸುಟ್ಟ ಅಂಚಿನ ಮ್ಯಾಲೆ ಬೆರಳಾಡಿಸಿ, ನಾಕು ಸೊನ್ನಿ ಅಡ್ಡ ಗೀಟು ಹಾಕಿ ಹೊಡದಳು.

"ಗಂಗಕ್ಕಾ, ನಿಮ್ಮ ಬಾಯಿಂದ ಹೆಸರು ಗೊತ್ತಾಗೇತಿ. ನನ್ನ ಮಾರ್ಕು ಒಂದನ್ನೇ ನಂಬಬ್ಯಾಡ್ರಿ. ಕಾಯಿದೆ ಇದ್ದಂಗ ನೀವೂ ಹಾಕ್ರಿ, ನಂದು ನೋಡದಂಗ."

ಇಬ್ಬರೂ ಬ್ಯಾರೆ ಬ್ಯಾರೆ ಮೂಲ್ಯಾಗ ಕುಂತರು. ತಾತನ ಚಿತ್ರ ಲೆಕ್ಕಕ್ಕಿಲ್ಲ. ಗಿಡ್ಡಮ್ಮನ ಕೊನಿ ಚಿತ್ರ ಅರ್ಧ ಸುಟ್ಟಿತ್ತು, ಇದ್ದಷ್ಟಕ್ಕ ಇಬ್ಬರೂ ಹನ್ನೊಂದು ಹಾಕಿದ್ರು. ಒಟ್ಟು ಹಂಪಕ್ಕಂದು ಎಂಬತ್ಮೂರು, ಗಂಗಕ್ಕಂದು ಎಂಬತ್ನಾಕು. ಎರಡನೇದಾಕಿಗೆ ಎಪ್ಪತ್ತೊಂಬತ್ತು.

"ಬಳ್ಳಾರಿಗೆ ಈಕೀನ!" ಗಂಗಕ್ಕ ಉಸಿರು ಬಿಟ್ಟಳು. "ಹೋಗ್ಲಿ ಬಿಡ್ರಿ, ನಿಮ್ಮ ಸೇಡು ಕೆರಿಗೆ ಬಿತ್ತು."

"ಬಿತ್ತಾ? ಈಗ ಸುರು ಆತು." ಹಂಪಕ್ಕ ಗಿಡ್ಡಮ್ಮನ ಕಡಿ ತಿರುಗಿದಳು. "ಮೊಮ್ಮಗಳ ಮಾರ್ಕಿನ ಮಾತೈತಿ ಅಂತ ನಿಮ್ಮ ತಾತಗ ಹೇಳು. ಚಸ್ಮ ತರ್ಲಿ. ನಿನ್ನ ಹದಿನೇಳು ಹಾಳಿ ಈ ಮೇಜಿನ ಮ್ಯಾಲೆ ಹರವಿಡ್ತೀನಿ, ಒಂದೊಂದರ ಹಿಂದ ಬರದಿದ್ದು ಅವರೇ ಗಟ್ಟಿಯಾಗಿ ಓದಬೇಕು. ಆಮ್ಯಾಲೆ ನಂದೊಂದು ಹಳೇ ಕೊಡ ಐತಿ, ಎರಡು ತುಂಡು. ಕೆಂಪು ಪೆನ್ಸಿಲ್ ನಾನೇ ಕೊಡ್ತೀನಿ. ಗ್ವಾಡಿ ಕಾಗದ ನೋಡಿ ಅದಕ್ಕ ಮಾರ್ಕು ಹಾಕಬೇಕು."

"ಮತ್ತ ಸೊನ್ನಿ ಹಾಕಿದ್ರ?" ಅಂದ್ಲು ಗಂಗಕ್ಕ.

"ಹಾಕ್ಲಿ. ಯಾಕ ಸೊನ್ನಿ ಅಂತ ಮೊಮ್ಮಗಳ ಎದುರಿಗೇ ಬರದು ಕೊಡ್ಲಿ. ಹದಿನಾಲ್ಕು ವರ್ಷದಿಂದ ಅದನ್ನೊಂದೇ ಕೇಳಬೇಕಾಗೇತಿ ನನಗ."

ಗಿಡ್ಡಮ್ಮ ಬಾಗಿಲ ತನಕ ಹೋಗಿ ನಿಂತಳು. "ಯಾವಾಗ ಬರ್ಬೇಕ್ರಿ ಅಕ್ಕೋರೆ?"

"ನಾಳೆ. ಹತ್ತು ಗಂಟಿಗೆ, ಗಂಟಿ ಹೊಡಿಯೋದ್ರಾಗ."