ಮೀಸೆಯ ಪರ್ಸ್

ಹರಾಜಿನ ಸಭಾಂಗಣದಲ್ಲಿ ನಮ್ಮ ಮೇಜಿಗೂ ಮೀಸೆಯ ಮೇಜಿಗೂ ನಡುವೆ ಹದಿನೈದು ಹೆಜ್ಜೆ. ಮೀಸೆ ಎಂದರೆ ಎದುರಾಳಿ ಕ್ರಿಕೆಟ್ ತಂಡದ ಮ್ಯಾನೇಜರ್. ಆರು ವರ್ಷ ಅವನ ಕೈಕೆಳಗೆ ಆಟಗಾರರನ್ನು ಹುಡುಕುವ ಕೆಲಸ ಮಾಡಿದವಳು ನಾನು. ನನ್ನ ತಮ್ಮನೂ ಅವನ ತಂಡದಲ್ಲೇ ಎಡಗೈ ವೇಗದ ಬೌಲರ್ ಆಗಿದ್ದ. ತಮ್ಮನ ಭುಜಕ್ಕೆ ಪೆಟ್ಟಾದಾಗ ಮೀಸೆ ಅವನನ್ನು ಬಿಟ್ಟ, ಅದನ್ನು ಕೇಳಿದ್ದಕ್ಕೆ ನನ್ನನ್ನೂ ಬಿಟ್ಟ. ಅಷ್ಟಕ್ಕೇ ಸುಮ್ಮನಾಗಲಿಲ್ಲ. ‘ಆ ಭುಜ ಮುಗಿದ ಕಥೆ’ ಎಂದು ಎಲ್ಲ ತಂಡಗಳ ಕಿವಿಗೂ ಊದಿದ. ಹೋದ ವರ್ಷ ತಮ್ಮನ ಹೆಸರು ಕೂಗಿದಾಗ ಒಂದು ಕೈಯೂ ಮೇಲೇಳಲಿಲ್ಲ. ಈ ಸಲವೂ ಏಳದಿದ್ದರೆ ಆಟ ಬಿಡುತ್ತೇನೆ ಎಂದಿದ್ದ.

ಭುಜ ವಾಸಿಯಾಗಿದೆ ಎಂದು ನಾನು ಈಗಿರುವ ತಂಡದ ಡಾಕ್ಟರೇ ನೋಡಿ ಬರೆದುಕೊಟ್ಟಿದ್ದರು. ‘ಅವನು ನಿನ್ನ ತಮ್ಮ ಅಂತ ಅಲ್ಲ, ನಮಗೆ ಎಡಗೈಯವನು ಬೇಕು, ತಗೋ’ ಎಂದು ತಂಡದ ಯಜಮಾನರು ಒಪ್ಪಿದ್ದರು. ಆದರೆ ನನಗೆ ಅಷ್ಟು ಸಾಲದು. ಮೀಸೆ ಎಲ್ಲರೆದುರು ಬರಿಗೈಲಿ ಕೂರಬೇಕಿತ್ತು.

ಊಟದ ನಂತರ ಒಬ್ಬ ವಿಕೆಟ್ ಕೀಪರ್‌ನ ಹೆಸರು ಬಂತು. ಮೂಲ ಬೆಲೆ ಎರಡು ಕೋಟಿ. ಪಟ್ಟಿಯಲ್ಲಿ ಉಳಿದಿದ್ದ ಒಳ್ಳೆಯ ಕೀಪರ್ ಅವನೊಬ್ಬನೇ, ಮೀಸೆಯ ತಂಡದಲ್ಲಿ ಕೀಪರೇ ಇಲ್ಲ. ಮೀಸೆ ಮೊದಲ ಕೂಗು ಕೂಗಿದ. ನಾನು ಫಲಕ ಎತ್ತಿದೆ.

ಯಜಮಾನರು ಬೆಚ್ಚಿದರು. “ಏನಮ್ಮಾ, ನಮ್ಮ ಹತ್ರ ಇಬ್ಬರು ಕೀಪರ್ ಇದ್ದಾರಲ್ಲ?”

“ಕೊಳ್ಳೋಕಲ್ಲ ಸರ್. ಅವನ ಜೇಬು ಬರಿದು ಮಾಡೋಕೆ.”

“ಅವನ ಯಜಮಾನನಿಗೆ ದುಡ್ಡಿಗೇನು ಬರ? ಇನ್ನೊಂದು ಮೂಟೆ ತಂದು ಸುರೀತಾನೆ.”

“ಸುರಿಯೋ ಹಾಗಿಲ್ಲ ಸರ್. ಎಲ್ಲರಿಗೂ ಪರ್ಸ್ ನೂರು ಕೋಟಿ ಅಷ್ಟೆ. ಮೊದಲೇ ಉಳಿಸಿಕೊಂಡ ಆಟಗಾರರ ಸಂಬಳಾನೂ ಅದರಲ್ಲೇ ಕಳೀತಾರೆ. ಮನೇಲಿ ಚಿನ್ನದ ಗಣಿ ಇದ್ರೂ ಒಂದು ಕಾಸು ಜಾಸ್ತಿ ಇಲ್ಲ.”

ಗೋಡೆಯ ಪರದೆಯಲ್ಲಿ ಎಲ್ಲ ತಂಡಗಳ ಬಾಕಿ ಕಾಣುತ್ತಿತ್ತು. ಮೀಸೆಗೆ ಉಳಿದಿದ್ದು ಹದಿನಾಲ್ಕು ಕೋಟಿ, ತುಂಬಬೇಕಾದ ಜಾಗ ಆರು. ಕನಿಷ್ಠ ಹದಿನೆಂಟು ಆಟಗಾರರು ಇರಲೇಬೇಕು, ಒಬ್ಬೊಬ್ಬನಿಗೂ ಕಡಿಮೆಯೆಂದರೆ ಇಪ್ಪತ್ತು ಲಕ್ಷ. ಕೀಪರ್ ಬಂದ ಮೇಲೂ ಐದು ಜಾಗಕ್ಕೆ ಒಂದು ಕೋಟಿ ಮುಟ್ಟದೆ ಇಡಬೇಕು. ಅಂದರೆ ಹದಿಮೂರು ಅವನ ಗೋಡೆ. ಆ ಗೋಡೆಗೆ ಅವನ ಮೂಗು ತಾಗಿಸಿ ನಾನು ಹಿಂದೆ ಸರಿಯಬೇಕು. ನನ್ನ ಕೂಗಿಗೇ ಹರಾಜು ನಿಂತುಹೋದರೆ, ಬೇಡದ ಕೀಪರ್ ನಮ್ಮ ಕೊರಳಿಗೆ.

ಎಂಟು ಕೋಟಿ. ಹತ್ತು. ಹನ್ನೊಂದೂವರೆ. ಯಜಮಾನರು ಕರವಸ್ತ್ರ ತೆಗೆದರು.

“ಸಾಕಮ್ಮಾ, ಹುಲಿ ಮೇಲೆ ಕೂತಿದ್ದೀವಿ.”

“ಅವನಿನ್ನೂ ಮೀಸೆ ಸವರ್ತಾ ಇದ್ದಾನೆ ಸರ್. ಬಿಡೋ ಮನಸ್ಸಾದಾಗ ನೀರಿನ ಬಾಟಲಿಗೆ ಕೈ ಹಾಕ್ತಾನೆ. ಆರು ವರ್ಷ ನೋಡಿದ್ದೀನಿ.”

ಹನ್ನೆರಡು ಮುಕ್ಕಾಲಿಗೆ ನಾನು ಎತ್ತಿದೆ. ಮೀಸೆಯ ಕೈ ಬಾಟಲಿಯತ್ತ ಹೋಯಿತು. ಹರಾಜುಗಾರ್ತಿ ಸುತ್ತಿಗೆ ಎತ್ತಿದಳು. ಮೀಸೆ ಬಾಟಲಿ ಬಿಟ್ಟು ಫಲಕ ಎತ್ತಿದ. ಹದಿಮೂರು.

ನಾನು ಫಲಕವನ್ನು ಮೇಜಿನ ಮೇಲೆ ಬೋರಲು ಹಾಕಿ, ಅವನ ಕಡೆ ನೋಡಿ ಚಪ್ಪಾಳೆ ತಟ್ಟಿದೆ.

ಒಂದು ಗಂಟೆಯ ನಂತರ ತಮ್ಮನ ಹೆಸರು ಬಂತು. ಮೂಲ ಬೆಲೆ ಇಪ್ಪತ್ತು ಲಕ್ಷ. ನಾನು ಫಲಕ ಮುಟ್ಟುವ ಮೊದಲೇ ಒಂದು ಕೈ ಮೇಲೆದ್ದಿತ್ತು. ಮೀಸೆಯದು!

ಆಗ ತಿಳಿಯಿತು ಅವನ ಹುನ್ನಾರ. ಪುಕಾರು ಹಬ್ಬಿಸಿದ್ದು, ಭುಜ ವಾಸಿಯಾದ ಮೇಲೆ ತಮ್ಮನನ್ನು ಅಗ್ಗಕ್ಕೆ ಮರಳಿ ಕೊಳ್ಳಲು. ಇಪ್ಪತ್ತೈದು ಎಂದೆ. ಮೀಸೆ ದಡಬಡಿಸಿ ಮತ್ತೆ ಎತ್ತಿದ. ಹರಾಜುಗಾರ್ತಿ ಪರದೆ ನೋಡಿ ತಲೆಯಾಡಿಸಿದಳು.

“ಕ್ಷಮಿಸಿ, ನಿಮ್ಮ ಮಿತಿ ಇಪ್ಪತ್ತೇ ಲಕ್ಷ. ಕೈ ಇಳಿಸಿ.”

ಸಭಾಂಗಣ ಗೊಳ್ಳೆಂದಿತು. ಮೀಸೆ ಕೈ ಇಳಿಸಿದ. ಆ ಕೈ ಇಳಿದದ್ದನ್ನು ನೋಡಲು ನಾನು ಎರಡು ವರ್ಷ ಕಾದಿದ್ದೆ. ಸುತ್ತಿಗೆ ಬಿತ್ತು. ತಮ್ಮ ನಮ್ಮವನಾದ.

ಚಹಾದ ಹೊತ್ತಿಗೆ ಮೀಸೆ ಪಕ್ಕಕ್ಕೆ ಬಂದ. “ಗೆದ್ದೆ ಕಣಮ್ಮಾ. ಅಗ್ಗಕ್ಕೆ ಸಿಗದಿದ್ರೆ ಇರ್ಲಿ ಅಂತ ಅವನಿಗೇ ಮೂರು ಕೋಟಿ ತೆಗೆದಿಟ್ಟಿದ್ದೆ. ನೀನು ಅದನ್ನ ಆ ಕೀಪರ್‌ಗೆ ಸುರಿಯೋ ಹಾಗೆ ಮಾಡಿದೆ. ನನ್ನ ಹತ್ರ ಅದು ಇದ್ದಿದ್ರೆ ಇವತ್ತು ನಿನ್ನ ತಮ್ಮನ ಬೆಲೆ ಎಲ್ಲಿಗೆ ಹೋಗ್ತಿತ್ತು, ಲೆಕ್ಕ ಹಾಕು.”

ಹರಾಜಿನಲ್ಲಿ ಗೆದ್ದವನು ಎಷ್ಟು ಕೊಡಬೇಕೆಂದು ನಿರ್ಧರಿಸುವುದು ಸೋತವನ ಜೇಬು. ಆ ಜೇಬನ್ನು ನಾನೇ ಹರಿದಿದ್ದೆ.

ತಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ಮುಚ್ಚಿಡಲಿಲ್ಲ.

“ಮೂರು ಕೋಟಿನಾ ಅಕ್ಕಾ?”

“ಹೂಂ ಕಣೋ.”

“ಕೈ ಇಳಿಸುವಾಗ ಅವನ ಮುಖ ಹೇಗಿತ್ತು?”

“ಹುಳಿ ಮಾವಿನಕಾಯಿ ಕಚ್ಚಿದ ಹಾಗೆ.”

ಅವನು ನಕ್ಕ, ಪೂರ್ತಿ ಅಲ್ಲ. “ಮನೆ ಕಟ್ಟೋದು ಇನ್ನೊಂದು ವರ್ಷ ತಡ ಆಗುತ್ತೆ, ಇರ್ಲಿ. ಆ ಹದಿಮೂರು ಕೋಟಿ ಕೀಪರ್ ಬ್ಯಾಟಿಂಗಿಗೆ ಎಷ್ಟನೆಯವನಾಗಿ ಬರ್ತಾನೆ ಅಂತ ಕೇಳಿಟ್ಕೋ. ಅವರ ಜೊತೆ ಮೊದಲ ಪಂದ್ಯ ಯಾವತ್ತು ಅಂತಾನೂ.”