ಮೂರನೇ ಆಯ್ಕೆಯ ದನಿ

ಕೊಲ್ಹಾಪುರದ ಆ ನೌಕರಿ ಪರೀಕ್ಷೆಯ ಕೇಂದ್ರದಲ್ಲಿ ಅನಘಾ ಭೋಯಿಟೆಗೆ ಸಿಕ್ಕಿದ್ದು ಸುಲಭಾ ಕಾಕು, ಎಂದರೆ ಸುಲಭಾ ಚಿಕ್ಕಮ್ಮ. ಕಣ್ಣಿಲ್ಲದವಳಿಗೆ ಪ್ರಶ್ನೆ ಓದಿ, ಅವಳು ಹೇಳಿದ ಉತ್ತರವನ್ನು ಕಂಪ್ಯೂಟರಿನಲ್ಲಿ ಒತ್ತುವುದು ಕಾಕುವಿನ ಕೆಲಸ. ಕಾಕು ಹನ್ನೆರಡನೇ ಕ್ಲಾಸು ಪಾಸು. ನಾಟಕದಲ್ಲಿ ಮೂವತ್ತು ವರ್ಷ ಅತ್ತೆಯ ಪಾತ್ರ. ಎರಡು ಗಂಟೆಯ ಪರೀಕ್ಷೆಗೆ ಅನಘಾಗೆ ನಲವತ್ತು ನಿಮಿಷ ಹೆಚ್ಚು ಸಿಗುತ್ತಿತ್ತು. ವಯಸ್ಸಿನ ಮಿತಿಯ ಪ್ರಕಾರ ಅವಳಿಗೆ ಇದೇ ಕೊನೆಯ ಅವಕಾಶ.

"ಹದಿನೇಳು ಆರಲ? ಒಂದು, ತೊಂಬತ್ತೆರಡು. ಎರಡು, ನೂರಾ ಎರಡು. ಮೂರು..." ಕಾಕು ಉಸಿರೆಳೆದರು. "ನೂರಾ... ಹನ್ನೆರಡು! ನಾಲ್ಕು, ನೂರಾ ಇಪ್ಪತ್ತೆರಡು."

ಮೂರನೆಯದು ರಂಗದ ಮೇಲೆ ಖಳನಾಯಕ ಬಾಗಿಲು ಒದ್ದು ಬಂದ ಹಾಗಿತ್ತು.

ಅನಘಾ ಮನಸ್ಸಿನಲ್ಲೇ ಗುಣಿಸಿದಳು. ಉತ್ತರ ನೂರಾ ಎರಡು. ಅಂದರೆ ಕಾಕುಗೆ ಮೂರನೆಯದೇ ಸರಿ ಎನಿಸಿದೆ, ಅದನ್ನೇ ದನಿಯಲ್ಲಿ ಎತ್ತಿ ಕೊಡುತ್ತಿದ್ದಾರೆ! ಹಿಂದಿನ ಎಂಟು ಪ್ರಶ್ನೆಗಳಲ್ಲೂ ಹೀಗೇ ಆಗಿತ್ತೇ? ನಾಲ್ಕನೆಯದರಲ್ಲಿ, ಏಳನೆಯದರಲ್ಲಿ ಅವಳು ತಡವರಿಸಿದ್ದಳು. ದನಿ ಎದ್ದ ಕಡೆಗೇ ವಾಲಿದ್ದಳು. ಅದು ತನ್ನ ಉತ್ತರವೇ, ಕಾಕುವಿನದೇ? ಈಗ ಅವಳಿಗೇ ಗೊತ್ತಿರಲಿಲ್ಲ.

"ಕಾಕೂ, ನಿಲ್ಲಿಸಿ."

"ಏನಾಯ್ತೇ? ನಾನೇನು ಹೇಳಿಕೊಟ್ನಾ? ಬರೆದಿರೋದನ್ನೇ ಓದ್ದೆ!"

"ಓದಲಿಲ್ಲ ಕಾಕೂ, ನಟಿಸಿದ್ರಿ. ಅದೂ ತಪ್ಪು ಉತ್ತರಕ್ಕೆ!"

ಮೇಲ್ವಿಚಾರಕ ಪಿಸಾಳ ಸರ್ ಓಡಿ ಬಂದರು. ಅನಘಾ ಕೈ ಎತ್ತಿಯೇ ಇದ್ದಳು.

"ಸರ್, ಓದೋರು ಒತ್ತಿ ಹೇಳೋ ಹಾಗಿಲ್ಲ, ಅರ್ಥ ಬಿಡಿಸೋ ಹಾಗಿಲ್ಲ. ಅರ್ಜಿಯಲ್ಲಿ ಸ್ಕ್ರೀನ್ ರೀಡರ್ ಕೂಡ ಕೇಳಿದ್ದೆ, ಕಂಪ್ಯೂಟರೇ ಓದಿ ಹೇಳೋದು. ನಿನ್ನೆ ಬಂದು ಪರೀಕ್ಷಿಸಿಯೂ ಹೋಗಿದ್ದೀನಿ. ಅದನ್ನೇ ಹಾಕಿಕೊಡಿ."

"ದೂರು ಬರೆದ್ರೆ ನಿನ್ನ ಪೇಪರ್ರೇ ರದ್ದಾದೀತು ಮಗಳೇ, ಸುಮ್ಮನೆ ಇದ್ದುಬಿಡಬಾರದಿತ್ತಾ?" ಎಂದರು ಪಿಸಾಳ ಸರ್.

"ಸುಮ್ಮನಿದ್ರೆ ಪಾಸಾಗೋದು ಕಾಕು, ಸರ್, ನಾನಲ್ಲ."

ಕಾಕುವಿನ ಕೈಬಳೆ ಮೇಜಿಗೆ ತಗುಲಿ ಟಣ್ ಎಂದಿತು. "ಅಯ್ಯೋ, ಹುಡುಗಿ ಗೆಲ್ಲಲಿ ಅನ್ನೋ ಆಸೆ... ಬಾಯಿಗೆ ಬಂದುಬಿಡ್ತು. ನನಗೇ ತಿಳೀಲಿಲ್ಲ."

ಪಿಸಾಳ ಸರ್ ಫೋನಿನಲ್ಲಿ ಮೇಲಿನವರನ್ನು ಕೇಳಿದರು, ನಡೆದದ್ದನ್ನು ಬರೆದುಕೊಂಡರು. ಇದರಲ್ಲಿ ಕಳೆದುಹೋದ ಹನ್ನೊಂದು ನಿಮಿಷವನ್ನು ಸಮಯಕ್ಕೆ ಸೇರಿಸಲು ಒಪ್ಪಿಗೆ ಬಂತು. ಪೇಪರ್ ಉಳಿಯುತ್ತದೋ ಇಲ್ಲವೋ, ಅದನ್ನು ಯಾರೂ ಹೇಳಲಿಲ್ಲ.

ಕಿವಿಗೆ ಹೆಡ್‌ಫೋನು ಬಂತು. ಒಳಗೆ ಒಬ್ಬ ಯಂತ್ರಮಾನವ. ಹುಟ್ಟಿದಾಗಿನಿಂದ ಯಾವ ನಾಟಕವನ್ನೂ ನೋಡಿರದವನು. ನಾಲ್ಕೂ ಆಯ್ಕೆಗಳನ್ನು ಒಂದೇ ಸಪ್ಪೆ ದನಿಯಲ್ಲಿ ಓದಿದ.

ಅನಘಾ ನಾಲ್ಕನೇ ಪ್ರಶ್ನೆಗೆ ಹಿಂದಿರುಗಿದಳು. ಎರಡು ಸಲ ಕೇಳಿಸಿಕೊಂಡಳು. ಬಾಣದ ಗುಂಡಿ ಒತ್ತುತ್ತಾ ಆಯ್ಕೆಗಳ ಮೇಲೆ ಸರಿದಳು. ಕಾಕು ಒತ್ತಿದ್ದ ಮೂರನೆಯದನ್ನು ತೆಗೆದು, ತಾನೇ ಒಂದನೆಯದನ್ನು ಒತ್ತಿದಳು.