ಬಾಗಿಲು ಮುಚ್ಚಿದ ವಾಕ್ಯ

ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಭಾಷಾ ತರಗತಿಯಲ್ಲಿ ಫ್ಯಾನೂ ತೂಕಡಿಸುತ್ತೆ. ಕಿಟಕಿಯ ಬಿಳಿ ಪರದೆ ಉಬ್ಬುತ್ತೆ, ಇಳಿಯುತ್ತೆ. ಹನ್ನೆರಡು ಜನ ತಲೆ ತಗ್ಗಿಸಿ ಕನ್ನಡವನ್ನ ಇಂಗ್ಲಿಷಿಗೆ ದಾಟಿಸ್ತಾ ಇರ್ತಾರೆ, ನಾನು ಕೆಂಪು ಪೆನ್ನು ಹಿಡಿದು ಕೂತಿರ್ತೀನಿ. ಅರ್ಥಕ್ಕೆ ಆರು ಅಂಕ. ವ್ಯಾಕರಣ, ಕಾಗುಣಿತದ ನಿಖರತೆಗೆ ನಾಲ್ಕು. ಹತ್ತಕ್ಕೆ ಆರು ಬಂದರೆ ಪಾಸು. ಅರ್ಧ ಅಂಕಕ್ಕೂ ನನ್ನ ಹತ್ತಿರ ದಾಕ್ಷಿಣ್ಯ ಇಲ್ಲ, ಬೈಕೊಳ್ಳೋರು ಬೈಕೊಳ್ಳಲಿ.

ಆವತ್ತಿನ ಅಭ್ಯಾಸ ಎರಡೇ ವಾಕ್ಯ. "ಮಗು ಮಲಗಿದ್ದಾಗ ತಾಯಿ ಬಾಗಿಲು ಮುಚ್ಚಿಕೊಂಡು ಹೋದಳು. ಮತ್ತೆ ಬರಲಿಲ್ಲ." ಆ ಹನ್ನೆರಡು ಜನರಲ್ಲಿ ಒಬ್ಬಳು ಆಸ್ಪತ್ರೆ ಆಯಾ. ಅವಳು ಬರೆದ ಇಂಗ್ಲಿಷಿನಲ್ಲಿ ತಾಯಿ ಬಾಗಿಲು ತೆರೆದಿಟ್ಟು ಹೋಗಿ, ಸಂಜೆಗೆ ವಾಪಸ್ ಬಂದೇಬಿಟ್ಟಿದ್ದಳು! ಕಾಗುಣಿತ ಮುತ್ತು ಪೋಣಿಸಿದ ಹಾಗಿತ್ತು. ನಿಖರತೆಗೆ ನಾಲ್ಕು ಕೊಟ್ಟೆ, ಅರ್ಥಕ್ಕೆ ಒಂದು. ಫೇಲು.

ಎಲ್ಲರೂ ಹೋದ ಮೇಲೆ ಅವಳನ್ನ ಕರೆದೆ. "ಮುಚ್ಚೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ ಅಂತ ಗೊತ್ತಿಲ್ವೇನೇ?"

"ಗೊತ್ತು ಟೀಚರ್. ಮಗು ಎದ್ದು ಹುಡುಕಿದರೆ?"

ನನಗೆ ಮೈಯೆಲ್ಲ ಉರಿದುಹೋಯ್ತು. ಈ ಕೋರ್ಸು ಪಾಸಾದರೆ ಅದೇ ಆಸ್ಪತ್ರೆಯಲ್ಲಿ ಇವಳಿಗೆ ದುಭಾಷಿ ಕೆಲಸ. ಡಾಕ್ಟರು ಇಂಗ್ಲಿಷಲ್ಲಿ ಹೇಳಿದ್ದನ್ನ ರೋಗಿಯ ಕಡೆಯವರಿಗೆ ಕನ್ನಡದಲ್ಲಿ ಹೇಳಬೇಕು. ಮುಂದಿನ ವಾರ ಕೊನೇ ಪರೀಕ್ಷೆ. ಇವಳು ನೋಡಿದರೆ ಕಾಗದದ ಮೇಲಿನ ಮಗುವನ್ನ ತೂಗ್ತಾ ಕೂತಿದ್ದಾಳೆ!

"ಮಗು ಉಳಿಯಲ್ಲ ಅಂತ ಡಾಕ್ಟರು ಅಂದ್ರೆ, ಸಂಜೆಗೆ ಸರಿಹೋಗುತ್ತೆ ಅಂತ ಹೇಳ್ತೀಯಾ?"

ಅವಳು ಪರದೆಯ ಕಡೆ ನೋಡ್ತಾ ನಿಂತಳು. "ಹೇಳಿದ್ದೆ ಟೀಚರ್. ಹೋದ ವರ್ಷ, ದುಭಾಷಿ ಯಾರೂ ಇರಲಿಲ್ಲ. ಆ ತಾಯಿ ಹಾಲಿನ ಬಾಟ್ಲಿ ತೊಳ್ಕೊಂಡು ಬಂದು ಸಂಜೆ ಮಗು ಹೋಗೋವರೆಗೂ ಬಾಗಿಲಲ್ಲೇ ಕೂತಿದ್ರು. ಮಗೂನ ಒಂದ್ಸಲ ಎತ್ಕೊಳ್ಳೋಕೂ ಒಳಗೆ ಬರಲಿಲ್ಲ. ನಾನು ಸರಿಹೋಗುತ್ತೆ ಅಂದಿದ್ನಲ್ಲ."

ಕೆಂಪು ಪೆನ್ನಿನ ಮುಚ್ಚಳ ಎಲ್ಲಿಟ್ಟೆ ಅಂತ ಸುಮ್ಮನೆ ಹುಡುಕಿದೆ.

ಪರೀಕ್ಷೆಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ದಾಟಿಸೋದು ಬಂದಿತ್ತು, ಒಬ್ಬ ಡಾಕ್ಟರು ತಂದೆಗೆ ಹೇಳುವ ಮಾತು. ಉತ್ತರ ಪತ್ರಿಕೆಯ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಆದರೆ ಆ ದುಂಡು ಅಕ್ಷರ ನನಗೆ ಗೊತ್ತಾಗದೆ ಇರುತ್ತಾ? "ನಾವು ಮಾಡಬಹುದಾದದ್ದನ್ನೆಲ್ಲ ಮಾಡಿದೆವು. ನಿಮ್ಮ ಮಗಳು ಬದುಕುವುದಿಲ್ಲ. ಈಗಲೇ ಒಳಗೆ ಬನ್ನಿ, ಅವಳ ಹತ್ತಿರ ಕುಳಿತುಕೊಳ್ಳಿ." ಒಂದು ಮಾತು ಬಿಟ್ಟಿರಲಿಲ್ಲ, ಒಂದು ಮಾತು ಸೇರಿಸಿರಲಿಲ್ಲ. 'ಬದುಕುವುದಿಲ್ಲ' ಅನ್ನೋ ಕಡೆ ಪೆನ್ನು ಒತ್ತಿ ಕಾಗದ ತೂತಾಗಿತ್ತು. ತೂತಿಗೆ ಅಂಕ ಕಳೆಯೋ ನಿಯಮ ಇಲ್ಲ. ಆರಕ್ಕೆ ಆರು, ನಾಲ್ಕಕ್ಕೆ ನಾಲ್ಕು ಕೊಟ್ಟೆ. ಎರಡನೇ ಪರೀಕ್ಷಕರೂ ಅಷ್ಟೇ ಕೊಟ್ಟರು.

ಫಲಿತಾಂಶದ ದಿನ ಅವಳು ಸೆರಗು ಬಾಯಿಗೊತ್ತಿಕೊಂಡು ಅತ್ತಳು.

"ಹತ್ತಕ್ಕೆ ಹತ್ತು ಕಣೇ! ಇಷ್ಟು ವರ್ಷದಲ್ಲಿ ನಾನು ಯಾರಿಗೂ ಕೊಟ್ಟಿಲ್ಲ. ಯಾಕೆ ಅಳ್ತೀಯಾ?"

"ಇನ್ಮೇಲೆ ನಾನೇ ಹೇಳ್ಬೇಕಲ್ಲ ಟೀಚರ್," ಅಂದಳು.